ಐದು ವರ್ಷದ ಉಳಿತಾಯ: ಮೂರನೇ ವರ್ಷ ಲೆಕ್ಕ ತಪ್ಪಿದಾಗ ಏನು ಮಾಡಬೇಕು?

ಕಳೆದ ವರ್ಷ ಮಾರ್ಚ್ ಕೊನೆಯ ಭಾನುವಾರ ಹುಬ್ಬಳ್ಳಿಯಿಂದ ತಂಗಿ ಫೋನ್ ಮಾಡಿದ್ದಳು. ‘ಅಕ್ಕಾ, ಮೂರು ವರ್ಷ ಕೂಡಿಸಿದ್ದು ನೀರಾಗ ಹೋತು. ಮನಿ ಕನಸು ಬಿಟ್ಟುಬಿಡ್ಲೇನು?’ ಅಂದಳು. ‘ನಿನ್ನ ನೋಟ್‌ಬುಕ್ ತಗೊಂಡು ಕೂತ್ಕೋ, ಮೊದಲು ಲೆಕ್ಕ ನೋಡೋಣ’ ಅಂದೆ. ಆ ದಿನ ನಾವಿಬ್ಬರೂ ಕೂತು ಮಾಡಿದ ಲೆಕ್ಕವೇ ಈ ಲೇಖನ.

ಗುರಿ ಯಾವ ಬೆಲೆಗೆ?

ಅವಳು ಶುರು ಮಾಡಿದ್ದು 2022ರ ಏಪ್ರಿಲ್‌ನಲ್ಲಿ. ಆಗ ಕೈಗೆ ಬರುತ್ತಿದ್ದ ಸಂಬಳ 45,000 ರೂಪಾಯಿ. ಊರ ಹೊರಗಿನ ಬಡಾವಣೆಯಲ್ಲಿ 27 ಲಕ್ಷದ ಒಂದು ಪುಟ್ಟ ಫ್ಲಾಟ್ ಮನಸ್ಸಿಗೆ ಬಂದಿತ್ತು. ಬ್ಯಾಂಕಿನವರು ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ಶೇ. 80 ಸಾಲ ಸಿಗುತ್ತದೆ ಅಂತ ಇಟ್ಟುಕೊಂಡರೂ 5.4 ಲಕ್ಷ ನಾವೇ ಹಾಕಬೇಕು. ಮುದ್ರಾಂಕ ಶುಲ್ಕ, ನೋಂದಣಿ, ವಕೀಲರ ಫೀಸು, ಸಣ್ಣಪುಟ್ಟ ಕೆಲಸ ಅಂತ ಇನ್ನೊಂದು 2.1 ಲಕ್ಷ. ಒಟ್ಟು ಏಳೂವರೆ ಲಕ್ಷ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದು ಇವತ್ತಿನ ಬೆಲೆ, ಮನೆ ಕೊಳ್ಳುವುದು ಐದು ವರ್ಷದ ನಂತರ. ಬೆಲೆ ವರ್ಷಕ್ಕೆ ಶೇ. 5 ಏರುತ್ತದೆ ಅಂದುಕೊಂಡರೆ ಏಳೂವರೆ ಲಕ್ಷ ಐದು ವರ್ಷದಲ್ಲಿ ಸುಮಾರು 9.6 ಲಕ್ಷ ಆಗುತ್ತದೆ. ಅವಳ ನಿಜವಾದ ಗುರಿ ಅದು.

ಅರವತ್ತರಿಂದ ಭಾಗಿಸಬೇಡಿ

9.6 ಲಕ್ಷವನ್ನು 60 ತಿಂಗಳಿಗೆ ಸಮನಾಗಿ ಹಂಚಿದರೆ ತಿಂಗಳಿಗೆ 16,000. ಬಾಡಿಗೆ, ಊರಿಗೆ ಕಳಿಸುವ ದುಡ್ಡು ಕಳೆದು 45,000ದಲ್ಲಿ ಅಷ್ಟು ಉಳಿಸುವುದು ಮೊದಲ ವರ್ಷ ಆಗದ ಮಾತು. ನಾಲ್ಕು ತಿಂಗಳು ಹೇಗೋ ಎಳೆದು ಐದನೇ ತಿಂಗಳು ಕೈಬಿಡುವುದು ಇಂಥ ಕಡೆಯೇ. ಹಾಗಾಗಿ 12,000ದಿಂದ ಶುರು ಮಾಡಿ, ಪ್ರತಿ ವರ್ಷ ತಿಂಗಳ ಕಂತಿಗೆ 2,000 ಸೇರಿಸುವುದು ಅಂತಾಯಿತು. ವರ್ಷದ ಕೊನೆಗೆ ಒಟ್ಟು ಇಷ್ಟಿರಬೇಕು:

1ನೇ ವರ್ಷ (ತಿಂಗಳಿಗೆ 12,000): 1.44 ಲಕ್ಷ
2ನೇ ವರ್ಷ (14,000): 3.12 ಲಕ್ಷ
3ನೇ ವರ್ಷ (16,000): 5.04 ಲಕ್ಷ
4ನೇ ವರ್ಷ (18,000): 7.20 ಲಕ್ಷ
5ನೇ ವರ್ಷ (20,000): 9.60 ಲಕ್ಷ

ಇದರಲ್ಲಿ ಬಡ್ಡಿ ಸೇರಿಲ್ಲ, ನೋಡಿ. ಬೇಕಂತಲೇ ಬಿಟ್ಟಿದ್ದು. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಆರ್‌ಡಿಯ ಕಂತನ್ನು ಸಾಮಾನ್ಯವಾಗಿ ಮಧ್ಯದಲ್ಲಿ ಹೆಚ್ಚಿಸಲಿಕ್ಕೆ ಬರುವುದಿಲ್ಲ. ಅದಕ್ಕೆ ಅವಳು ಪ್ರತಿ ಏಪ್ರಿಲ್‌ನಲ್ಲಿ ಒಂದೇ ವರ್ಷದ ಹೊಸ ಆರ್‌ಡಿ ತೆರೆಯುತ್ತಾಳೆ. ಅದು ಮುಗಿದಾಗ ಬಂದ ದುಡ್ಡನ್ನು ಎರಡು-ಮೂರು ಸಣ್ಣ ಎಫ್‌ಡಿಗಳಾಗಿ ಇಡುತ್ತಾಳೆ. ಅವಸರಕ್ಕೆ ಬೇಕಾದರೆ ಒಂದನ್ನು ಮುರಿದರೆ ಸಾಕು, ಉಳಿದವುಗಳ ಬಡ್ಡಿಗೆ ಪೆಟ್ಟು ಬೀಳುವುದಿಲ್ಲ. ಇದಲ್ಲದೆ, ಮೂರು ತಿಂಗಳ ಖರ್ಚಿಗೆ ಆಗುವಷ್ಟು, ಅಂದರೆ ಒಂದು ಲಕ್ಷ, ಆಪತ್ಕಾಲಕ್ಕೆ ಅಂತ ಬೇರೆಯೇ ಖಾತೆಯಲ್ಲಿ ಮೊದಲೇ ಇಟ್ಟಿದ್ದಳು.

ಸಂಬಳ ಏರಿದಾಗ ಅರ್ಧ ನಿಮಗೆ, ಅರ್ಧ ಮನೆಗೆ

ಸಂಬಳ ಏರಿದಾಗಿನ ನಿಯಮ ಒಂದೇ: ಕೈಗೆ ಬರುವ ಹೆಚ್ಚಳದ ಅರ್ಧ ಉಳಿತಾಯಕ್ಕೆ. ಪತ್ರದಲ್ಲಿ ಬರೆದ ವಾರ್ಷಿಕ ಪ್ಯಾಕೇಜ್ ನೋಡಿ ಲೆಕ್ಕ ಹಾಕಬೇಡಿ. ಪಿಎಫ್, ತೆರಿಗೆ ಎಲ್ಲಾ ಹೋಗಿ ಬ್ಯಾಂಕಿಗೆ ಬಿದ್ದ ಮೊತ್ತ ಎಷ್ಟು ಏರಿತು, ಅದನ್ನು ನೋಡಿ.

ಎರಡನೇ ವರ್ಷ ಅವಳಿಗೆ 6,000 ಹೆಚ್ಚು ಬಂತು. ಅರ್ಧ ಸೇರಿಸಿ ಕಂತು 15,000 ಆಯಿತು. ವರ್ಷದ ಕೊನೆಗೆ 3.24 ಲಕ್ಷ, ಅಂದರೆ ಪಟ್ಟಿಗಿಂತ 12,000 ಮುಂದೆ. ಮೂರನೇ ವರ್ಷ ಏರಿದ್ದು ಬರೀ 2,000. ಆದರೂ 1,000 ಸೇರಿಸಿದರೆ 16,000 ಆಯಿತು, ಪಟ್ಟಿಗೆ ಸರಿಹೋಯಿತು. ಒಳ್ಳೆಯ ವರ್ಷ ಕೆಟ್ಟ ವರ್ಷವನ್ನು ಹೊರುವುದು ಹೀಗೆ.

ಅಪ್ಪ ಬಿದ್ದ ವರ್ಷ

2024ರ ಆಗಸ್ಟ್‌ನಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯ್ತು. ವಿಮೆ ಕಳೆದು, ಅಕ್ಕ-ತಂಗಿ ಹಂಚಿಕೊಂಡ ಮೇಲೂ ಅವಳ ಪಾಲಿಗೆ 1.6 ಲಕ್ಷ ಬಂತು. ಆಪತ್ಕಾಲದ ಒಂದು ಲಕ್ಷ ಪೂರ್ತಿ ಹೋಯಿತು. ಉಳಿದ 60,000ಕ್ಕೆ ಆ ವರ್ಷದ ಆರ್‌ಡಿಯನ್ನು ಅರ್ಧಕ್ಕೇ ಮುಚ್ಚಿದಳು. ನರ್ಸು, ಫಿಸಿಯೋಥೆರಪಿ ಅಂತ ಮುಂದಿನ ನಾಲ್ಕು ತಿಂಗಳು ಏನೂ ಉಳಿಯಲಿಲ್ಲ. ಮಾರ್ಚ್ ಕೊನೆಗೆ ಇರಬೇಕಾದದ್ದು 5.04 ಲಕ್ಷ, ಇದ್ದದ್ದು 3.92 ಲಕ್ಷ.

ಅವಳ ಮೊದಲ ಯೋಚನೆ, ‘ಎರಡೇ ವರ್ಷದಲ್ಲಿ ಹೆಂಗಾದ್ರೂ ತುಂಬಿಸ್ತೀನಿ.’ ಉಳಿದ 5.68 ಲಕ್ಷವನ್ನು 24 ತಿಂಗಳಿಗೆ ಭಾಗಿಸಿ ನೋಡಿದೆವು. ತಿಂಗಳಿಗೆ 23,667. ಅಷ್ಟು ಕಟ್ಟಲು ಹೋದರೆ ಮೂರನೇ ತಿಂಗಳಿಗೇ ಕ್ರೆಡಿಟ್ ಕಾರ್ಡ್ ತೆಗೆಯಬೇಕಾಗುತ್ತೆ. ಉಳಿತಾಯಕ್ಕೆ ಸಿಗುವ ಬಡ್ಡಿಗಿಂತ ಕಾರ್ಡಿನ ಬಾಕಿಗೆ ಕಟ್ಟುವ ಬಡ್ಡಿ ಎಷ್ಟೋ ಪಟ್ಟು ಜಾಸ್ತಿ. ಹಾಗಾದರೆ ಕೂಡಿಸಿಯೂ ನಷ್ಟ.

ಪೆಟ್ಟು ಬಿದ್ದಾಗ ಬದಲಿಸಬಹುದಾದದ್ದು ಮೂರೇ: ತಿಂಗಳ ಕಂತು, ಗುರಿಯ ಮೊತ್ತ, ತಾರೀಖು. ಕಂತು ಇನ್ನು ಹಿಗ್ಗುವುದಿಲ್ಲ. ಮೊತ್ತ ಇಳಿಸಿದರೆ ಅದಕ್ಕಿಂತ ಸಣ್ಣ ಮನೆ, ಅದು ಅವಳಿಗೆ ಬೇಡ. ಉಳಿದದ್ದು ತಾರೀಖು. ಅದನ್ನು ಎಷ್ಟು ಮುಂದೆ ಹಾಕಬೇಕು ಅನ್ನುವುದಷ್ಟೇ ಪ್ರಶ್ನೆ.

ಹೊಸ ಲೆಕ್ಕ

ಮೊದಲು ತುಂಬಬೇಕಾದದ್ದು ಮನೆಯ ಖಾತೆಯಲ್ಲ, ಆಪತ್ಕಾಲದ ಖಾತೆ. ಅದು ಖಾಲಿ ಇದ್ದರೆ ಮುಂದಿನ ಸಣ್ಣ ಪೆಟ್ಟೂ ನೇರವಾಗಿ ಮನೆಯ ದುಡ್ಡಿಗೇ ಬೀಳುತ್ತದೆ. ನಾಲ್ಕನೇ ವರ್ಷದ ಮೊದಲ ಆರು ತಿಂಗಳ 18,000 ಅಲ್ಲಿಗೆ, ಉಳಿದ ಆರು ತಿಂಗಳದ್ದು ಮನೆಗೆ. ಅಲ್ಲಿಗೆ ಐದು ಲಕ್ಷ. ಐದನೇ ವರ್ಷ ತಿಂಗಳಿಗೆ 20,000ದಂತೆ 2.4 ಲಕ್ಷ, ಮತ್ತೆ ಆರು ತಿಂಗಳು ಅದೇ ಕಂತು ಕಟ್ಟಿದರೆ 1.2 ಲಕ್ಷ. ಒಟ್ಟು 8.6 ಲಕ್ಷ.

ಇನ್ನೂ ಒಂದು ಲಕ್ಷ ಬೇಕಲ್ಲ? ಮೊದಲ ದಿನ ಲೆಕ್ಕಕ್ಕೆ ಹಿಡಿಯದ ಬಡ್ಡಿ ಇಲ್ಲಿ ಕೆಲಸಕ್ಕೆ ಬಂತು. ಶೇ. 6ರ ಹಾಗೆ ನೋಡಿದರೂ ಐದೂವರೆ ವರ್ಷಕ್ಕೆ ಅದು ಒಂದು ಲಕ್ಷ ದಾಟುತ್ತದೆ. ದಾಟಿದ ಭಾಗ, ಆರು ತಿಂಗಳು ತಡವಾಗಿದ್ದಕ್ಕೆ ಏರುವ ಬೆಲೆಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಬಡ್ಡಿಯನ್ನು ಮೊದಲೇ ಪಟ್ಟಿಗೆ ಸೇರಿಸಿದ್ದಿದ್ದರೆ ಇವತ್ತು ತಾರೀಖು ಆರು ತಿಂಗಳಲ್ಲ, ಸುಮಾರು ಒಂದು ವರ್ಷ ಜಾರುತ್ತಿತ್ತು.

ಹಾಗೆ 2027ರ ಮಾರ್ಚ್ ಹೋಗಿ ಸೆಪ್ಟೆಂಬರ್ ಆಯಿತು. ಮೂರು ವರ್ಷದ್ದು ನೀರಲ್ಲಿ ಹೋಯಿತು ಅಂದುಕೊಂಡಿದ್ದವಳು ನಿಜವಾಗಿ ಕಳೆದುಕೊಂಡದ್ದು ಆರು ತಿಂಗಳು.

ನಿಮ್ಮ ಪಟ್ಟಿ ಹಳಿ ತಪ್ಪಿದೆಯೇ ಅಂತ ತಿಳಿಯಲು ತಿಂಗಳು ತಿಂಗಳು ತಲೆ ಕೆಡಿಸಿಕೊಳ್ಳಬೇಕಿಲ್ಲ. ವರ್ಷಕ್ಕೊಮ್ಮೆ, ಸಂಬಳ ಏರಿದ ತಿಂಗಳು, ಗುರಿಯಿಂದ ಕೈಯಲ್ಲಿರುವುದನ್ನು ಕಳೆದು ಉಳಿದ ತಿಂಗಳಿಂದ ಭಾಗಿಸಿ. ಬಂದ ಸಂಖ್ಯೆ ನೀವು ಈಗ ಕಟ್ಟುತ್ತಿರುವುದಕ್ಕಿಂತ ಒಂದೆರಡು ಸಾವಿರ ಜಾಸ್ತಿ ಇದ್ದರೆ ಮುಂದಿನ ಹೆಚ್ಚಳ ಅದನ್ನು ಮುಚ್ಚುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಅವತ್ತೇ ತಾರೀಖು ಬದಲಿಸಿ, ಬರೆದಿಡಿ.

ಮೊನ್ನೆ ಊರಿಗೆ ಹೋದಾಗ ತಂಗಿಯ ಅದೇ ನೋಟ್‌ಬುಕ್ ನೋಡಿದೆ. ಆಪತ್ಕಾಲದ ಲಕ್ಷದ ಮುಂದೆ ‘ತುಂಬಿದೆ’ ಅಂತ ಬರೆದಿದ್ದಳು. ಅಪ್ಪ ಕೋಲು ಹಿಡಿದು ಪಡಸಾಲೆಯಲ್ಲಿ ಓಡಾಡುತ್ತಿದ್ದರು. ‘ಹೊಸ ಮನಿ ಬಚ್ಚಲಕ್ಕ ಜಾರದ ಕಲ್ಲು ಹಾಕಸವ್ವಾ’ ಅಂದರು.