ಎಷ್ಟನೇ ದಿನ ರಕ್ತ ಕೊಡಬೇಕು?

ಬೆಳಗ್ಗೆ ಎಂಟಕ್ಕೆ ಇನ್ನೂ ಐದು ನಿಮಿಷವಿದೆ. ದಾವಣಗೆರೆಯ ಆ ಲ್ಯಾಬಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಆಗಲೇ ತುಂಬಿವೆ. ಖಾಲಿ ಹೊಟ್ಟೆಯಲ್ಲಿ ಬಂದವರು ಸುಮ್ಮನೆ ಗೋಡೆ ನೋಡುತ್ತಿದ್ದಾರೆ. ಹರಿಹರದ ಬಸ್ಸಿಳಿದು, ಎರಡು ಮಹಡಿ ಮೆಟ್ಟಿಲನ್ನು ಓಡುತ್ತಲೇ ಹತ್ತಿ ಬಂದ ಹೆಣ್ಣುಮಗಳೊಬ್ಬಳು ಕೌಂಟರಿಗೆ ಚೀಟಿ ಚಾಚಿದಳು. ವಯಸ್ಸು ಮೂವತ್ತೆರಡು, ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಮುಟ್ಟು ನಲವತ್ತು ದಿನಕ್ಕೊಮ್ಮೆ, ಕೆಲವೊಮ್ಮೆ ಐವತ್ತಕ್ಕೆ. ಚೀಟಿಯಲ್ಲಿ ವೈದ್ಯೆ ಬರೆದಿದ್ದು ಮೂರೇ ಹೆಸರು: ಎಎಂಎಚ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್.

‘ಮೇಡಂ, ಇವತ್ತು ನಂಗೆ ಹದಿನೇಳನೇ ದಿನ. ಪಕ್ಕದ ಮನೆಯೋರು ಎರಡನೇ ದಿನಾನೇ ಕೊಡ್ಬೇಕು ಅಂದ್ರು. ವಾಪಸ್ ಹೋಗ್ಲಾ?’ ಎಂದಳು.

ರಕ್ತ ತೆಗೆಯುವ ಟೆಕ್ನಿಷಿಯನ್ ನಡುವಯಸ್ಸಿನ ಹೆಂಗಸು. ಚೀಟಿ ಓದಿ, ‘ಈ ಮೂರಕ್ಕೆ ದಿನ ನೋಡೋದು ಬೇಡಮ್ಮ. ಎಷ್ಟೊತ್ತಿಗೆ ಎದ್ದೆ? ಏನೇನು ಮಾತ್ರೆ ತಗೋತೀಯ? ಅದನ್ನ ಹೇಳು’ ಎಂದರು. ಎದ್ದಿದ್ದು ಆರು ಗಂಟೆಗೆ. ಗ್ಯಾಸ್ಟ್ರಿಕ್ಕಿಗೆ ದಿನಾ ಒಂದು ಕ್ಯಾಪ್ಸೂಲ್. ಪರ್ಸಿನಿಂದ ಅದರ ಹಾಳೆ ತೆಗೆದು ತೋರಿಸಿದಳು. ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿದ ಕ್ಯಾಪ್ಸೂಲ್ ಅದು. ಟೆಕ್ನಿಷಿಯನ್ ಆ ಹೆಸರನ್ನು ಚೀಟಿಯ ಅಂಚಿನಲ್ಲಿ ಬರೆದುಕೊಂಡರು. ‘ಕೂತ್ಕೋ. ಅರ್ಧ ಗಂಟೆ ಸುಧಾರಿಸ್ಕೋ. ಆಮೇಲೆ ಕರೀತೀನಿ.’

ಆ ಅರ್ಧ ಗಂಟೆಯ ಕೂರಿಸುವಿಕೆ ಪ್ರೊಲ್ಯಾಕ್ಟಿನ್‌ಗಾಗಿ. ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿ ಸುರಿಸುವ ಈ ಹಾರ್ಮೋನು ಬಾಣಂತಿಯ ಎದೆಯಲ್ಲಿ ಹಾಲು ತರಿಸುತ್ತದೆ. ಹಾಲೂಡಿಸದ ಹೆಣ್ಣಿನಲ್ಲೂ ಅದು ಸ್ವಲ್ಪ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಮಿಲಿಲೀಟರಿಗೆ 25 ನ್ಯಾನೊಗ್ರಾಂ ಒಳಗೆ. ಆದರೆ ಅದರ ಮಟ್ಟ ಬಲು ಬೇಗ ಏರಿಳಿಯುತ್ತದೆ. ನಿದ್ದೆಯಲ್ಲಿ ಏರುತ್ತದೆ, ಎದ್ದ ಮೇಲೆ ಇಳಿಯಲು ಎರಡು ಮೂರು ಗಂಟೆ ಬೇಕು. ಓಡಿದರೆ, ಹೊಟ್ಟೆ ತುಂಬ ತಿಂದರೆ, ಸೂಜಿಗೆ ಹೆದರಿದರೆ, ಗಂಡ ಹೆಂಡತಿ ಕೂಡಿದರೆ ಸಹ ಸ್ವಲ್ಪ ಹೊತ್ತು ಮೇಲಕ್ಕೆ ಹೋಗುತ್ತದೆ. ಮುಟ್ಟಿನ ನಡುವಿನ ದಿನಗಳಲ್ಲಿ ಚೂರು ಹೆಚ್ಚಾಗುವುದುಂಟು. ಅದಕ್ಕೇ ಕೆಲವು ವೈದ್ಯರು ಮೊದಲ ವಾರವೇ ಒಳ್ಳೆಯದು ಎನ್ನುತ್ತಾರೆ. ಆದರೆ ಮೆಟ್ಟಿಲು ಹತ್ತಿದ ಏದುಸಿರು ಮಾಡುವ ವ್ಯತ್ಯಾಸದ ಮುಂದೆ ಅದು ದೊಡ್ಡದಲ್ಲ.

ಎಂಟೂವರೆಗೆ ಅವಳ ಸರದಿ. ತೋಳಿಗೆ ರಬ್ಬರ್ ಪಟ್ಟಿ, ಮೊಣಕೈ ಮಡಿಕೆಯಲ್ಲಿ ಸ್ಪಿರಿಟ್ಟಿನ ತಂಪು, ಒಂದೇ ಚುಚ್ಚು. ಹಳದಿ ಮುಚ್ಚಳದ ಟ್ಯೂಬಿಗೆ ರಕ್ತ ಇಳಿಯಿತು. ಟೆಕ್ನಿಷಿಯನ್ ಅದನ್ನು ಕುಲುಕದೆ ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗು ಮಾಡಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಅರ್ಧ ಗಂಟೆಯಲ್ಲಿ ರಕ್ತ ಹೆಪ್ಪುಗಟ್ಟಿತು. ಯಂತ್ರದಲ್ಲಿ ಗಿರ್ರನೆ ತಿರುಗಿಸಿ ತೆಗೆದಾಗ ಕೆಂಪೆಲ್ಲ ತಳಕ್ಕೆ ಹೋಗಿ, ನಡುವೆ ಜೆಲ್ಲಿನ ಪದರ ನಿಂತು, ಮೇಲೆ ತಿಳಿಹಳದಿ ಸೀರಂ ಉಳಿದಿತ್ತು. ಮೂರು ಪರೀಕ್ಷೆಗಳಿಗೂ ಬೇಕಾದ್ದು ಆ ಸೀರಂ.

ಮರುದಿನ ಸಂಜೆ ರಿಪೋರ್ಟು ಬಂತು. ಎಎಂಎಚ್ 1.1, ಪ್ರೊಲ್ಯಾಕ್ಟಿನ್ 46, ಟಿಎಸ್‌ಎಚ್ 18.4. ವೈದ್ಯೆಯ ಮುಂದೆ ಕೂತಾಗ ಅವಳ ಬೆರಳು ಇದ್ದದ್ದು ಮೊದಲ ಸಾಲಿನ ಮೇಲೆ. ‘ಮೇಡಂ, ಲಂಡನ್ನಲ್ಲಿರೋ ನನ್ನ ನಾದಿನಿಗೆ ಎಎಂಎಚ್ ಒಂಬತ್ತು ಅಂತೆ. ನಂಗೆ ಬರೀ ಒಂದು. ನನ್ನ ಮೊಟ್ಟೆ ಮುಗಿದೇ ಹೋದ್ವಾ?’

ವೈದ್ಯೆ ರಿಪೋರ್ಟಿನ ಬಲ ಅಂಚು ತೋರಿಸಿದರು. ಇಲ್ಲಿಯ ಲೆಕ್ಕ ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂದು, ಇಂಗ್ಲೆಂಡಿನದು ಲೀಟರಿಗೆ ಇಷ್ಟು ಪಿಕೊಮೋಲ್ ಎಂದು. ಅಲ್ಲಿಯ ಅಂಕಿಯನ್ನು 7.14ರಿಂದ ಭಾಗಿಸಿದರೆ ಇಲ್ಲಿಯದು ಸಿಗುತ್ತದೆ. ನಾದಿನಿಯ ಒಂಬತ್ತು ನಮ್ಮ ಲೆಕ್ಕದಲ್ಲಿ 1.26. ಇಬ್ಬರದೂ ಹೆಚ್ಚುಕಡಿಮೆ ಒಂದೇ.

ಎಎಂಎಚ್ ಹುಟ್ಟುವುದು ಅಂಡಾಶಯದೊಳಗಿನ ಪುಟ್ಟ ಫಾಲಿಕಲ್‌ಗಳಲ್ಲಿ. ಒಂದೊಂದು ಅಂಡವನ್ನೂ ಸುತ್ತುವರಿದ ನೀರುಗುಳ್ಳೆಯಂಥ ಚೀಲಗಳಿವು. ಎಂಟು ಮಿಲಿಮೀಟರ್ ಮೀರದ ಫಾಲಿಕಲ್‌ಗಳೇ ಇದನ್ನು ಹೆಚ್ಚಾಗಿ ತಯಾರಿಸುತ್ತವೆ. ಅಂಡ ಬಿಡುಗಡೆಗೆ ಸಿದ್ಧವಾಗಿ ದೊಡ್ಡದಾಗುವ ಫಾಲಿಕಲ್ ಇದನ್ನು ನಿಲ್ಲಿಸುತ್ತದೆ. ತಿಂಗಳುದ್ದಕ್ಕೂ ಏರಿಳಿಯುವುದು ಆ ದೊಡ್ಡ ಫಾಲಿಕಲ್‌ನ ಹಾರ್ಮೋನುಗಳು. ಪುಟಾಣಿಗಳ ಗುಂಪು ಹೆಚ್ಚು ಬದಲಾಗದು. ಹೀಗಾಗಿ ಎರಡನೇ ದಿನ ತೆಗೆದರೂ ಹದಿನೇಳನೇ ದಿನ ತೆಗೆದರೂ ಎಎಂಎಚ್ ಬಹುಪಾಲು ಅಷ್ಟೇ ಬರುತ್ತದೆ. ಅದನ್ನು ನಿಜವಾಗಿ ತಗ್ಗಿಸುವುದು ಗರ್ಭನಿರೋಧಕ ಮಾತ್ರೆ. ಅದನ್ನು ನುಂಗುತ್ತಿರುವವರಲ್ಲಿ ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ಕಾಣುತ್ತದೆ, ಬಿಟ್ಟ ಕೆಲವು ತಿಂಗಳಲ್ಲಿ ಮತ್ತೆ ಮೇಲೇರುತ್ತದೆ. ಪಿಸಿಓಡಿ ಇರುವವರಲ್ಲಿ ಸಣ್ಣ ಫಾಲಿಕಲ್‌ಗಳು ರಾಶಿಯಾಗಿರುವುದರಿಂದ ಅಂಕಿ ಜಾಸ್ತಿ ಇರುತ್ತದೆ.

ಒಂದರ ಆಸುಪಾಸು ಎಂದರೆ ದಾಸ್ತಾನು ಕಡಿಮೆ ಎಂಬುದು ನಿಜ. ಟೆಸ್ಟ್ ಟ್ಯೂಬ್ ಬೇಬಿ ಚಿಕಿತ್ಸೆಯಲ್ಲಿ ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡ ಸಿಗಬಹುದು, ಡೋಸ್ ಎಷ್ಟಿರಬೇಕು ಎಂಬ ಅಂದಾಜಿಗೆ ಈ ಅಂಕಿ ಬೇಕು. ಕಣಜದಲ್ಲಿ ಎಷ್ಟಿದೆ ಎಂದು ಅದು ಹೇಳುತ್ತದೆ, ಕಾಳು ಮೊಳೆಯುತ್ತದೋ ಇಲ್ಲವೋ ಎಂದು ಹೇಳುವುದಿಲ್ಲ. ಅಂಡದ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ವಯಸ್ಸು. 2017ರಲ್ಲಿ ಅಮೆರಿಕದ ‘ಜಾಮಾ’ ವೈದ್ಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬಂಜೆತನದ ಹಿನ್ನೆಲೆ ಇಲ್ಲದ, 30ರಿಂದ 44 ವಯಸ್ಸಿನ ಹೆಂಗಸರು ಅದರಲ್ಲಿದ್ದರು. 0.7ಕ್ಕಿಂತ ಕಡಿಮೆ ಎಎಂಎಚ್ ಇದ್ದವರು ಸಹಜವಾಗಿ ಬಸುರಾಗುವುದರಲ್ಲಿ ಉಳಿದವರಿಗಿಂತ ಹಿಂದೆ ಬಿದ್ದಿರಲಿಲ್ಲ. ತಿಂಗಳಿಗೆ ಹೊರಬರಬೇಕಾದ್ದು ಒಂದೇ ಅಂಡ ತಾನೆ. ‘ನಿನ್ನ ತೊಂದರೆ ಆ ಒಂದು ಅಂಡ ಸರಿಯಾಗಿ ಹೊರಗೆ ಬರ್ತಾ ಇಲ್ಲ ಅನ್ನೋದು. ಅದರ ಕಾರಣ ಕೆಳಗಿನ ಎರಡು ಸಾಲಿನಲ್ಲಿದೆ’ ಎಂದು ವೈದ್ಯೆ ಪೆನ್ನನ್ನು ಟಿಎಸ್‌ಎಚ್ ಮೇಲಿಟ್ಟರು.

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯದ್ದಲ್ಲ, ಅದೂ ಪಿಟ್ಯೂಟರಿಯದೇ. ಥೈರಾಯ್ಡ್ ಸೋತಷ್ಟೂ ಪಿಟ್ಯೂಟರಿ ಇದನ್ನು ಹೆಚ್ಚು ಕಳಿಸಿ ದುಡಿಸಲು ನೋಡುತ್ತದೆ. ಆದ್ದರಿಂದ ಟಿಎಸ್‌ಎಚ್ ಏರಿದೆ ಎಂದರೆ ಥೈರಾಯ್ಡ್ ಕುಗ್ಗಿದೆ ಎಂದರ್ಥ. ಸಾಮಾನ್ಯವಾಗಿ ನಾಲ್ಕರ ಒಳಗಿರಬೇಕಾದ್ದು ಇವಳಿಗೆ ಹದಿನೆಂಟು ದಾಟಿತ್ತು. ಉಳಿದ ಸೀರಂನಲ್ಲೇ ಫ್ರೀ ಟಿ4 ನೋಡಿಸಿದರು, ಅದು ಕೆಳಗಿತ್ತು. ಥೈರಾಯ್ಡ್ ಸೋತಿರುವುದು ಖಚಿತವಾಯಿತು. ಟಿಎಸ್‌ಎಚ್‌ಗೂ ಮುಟ್ಟಿನ ದಿನದ ಹಂಗಿಲ್ಲ, ಹೊತ್ತಿನ ಹಂಗಿದೆ. ರಾತ್ರಿ ಮೇಲಿದ್ದು ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಒಂದು ಸಲ ಬೆಳಗ್ಗೆ, ಇನ್ನೊಂದು ಸಲ ಊಟವಾದ ಮೇಲೆ ಕೊಟ್ಟರೆ ಎರಡು ರಿಪೋರ್ಟು ತಾಳೆಯಾಗುವುದಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಅಂದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಬೇಕು. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುವವರು ಅದನ್ನು ಎರಡು ದಿನ ಮೊದಲೇ ನಿಲ್ಲಿಸುವುದು ಒಳ್ಳೆಯದು. ಕೆಲವು ಯಂತ್ರಗಳಲ್ಲಿ ಅದು ಥೈರಾಯ್ಡ್ ಅಂಕಿಗಳನ್ನೇ ತಪ್ಪಾಗಿ ತೋರಿಸುತ್ತದೆ.

ಇನ್ನು ಪ್ರೊಲ್ಯಾಕ್ಟಿನ್ 46. ಅವಳನ್ನು ಕೂರಿಸಿ, ಸಮಾಧಾನವಾದ ಮೇಲೆ ತೆಗೆದ ರಕ್ತವಾದ್ದರಿಂದ ಅದನ್ನು ಬರೀ ಓಡಿಬಂದದ್ದರ ಏರಿಕೆ ಎನ್ನುವಂತಿರಲಿಲ್ಲ. ವೈದ್ಯೆಗೆ ಎರಡು ಕಾರಣ ಕಂಡವು. ಥೈರಾಯ್ಡ್ ಸೋತಾಗ ಮಿದುಳು ಪಿಟ್ಯೂಟರಿಯನ್ನು ಚುರುಕುಗೊಳಿಸಲು ಕಳಿಸುವ ಟಿಆರ್‌ಎಚ್ ಎಂಬ ಹಾರ್ಮೋನು ಟಿಎಸ್‌ಎಚ್ ಜೊತೆಗೆ ಪ್ರೊಲ್ಯಾಕ್ಟಿನ್ನನ್ನೂ ಏರಿಸುತ್ತದೆ. ಎರಡನೆಯದು ಚೀಟಿಯ ಅಂಚಿನಲ್ಲಿತ್ತು: ಡೊಂಪೆರಿಡೋನ್. ಪ್ರೊಲ್ಯಾಕ್ಟಿನ್ನನ್ನು ಹಿಡಿತದಲ್ಲಿಡುವುದು ಡೋಪಮಿನ್. ಅದರ ಕೆಲಸವನ್ನು ಈ ಔಷಧ ತಡೆಯುತ್ತದೆ. ಗ್ಯಾಸ್ಟ್ರಿಕ್ಕಿಗೇ ಕೊಡುವ ಲೆವೊಸಲ್ಪಿರೈಡ್ ಕೂಡ ಹೀಗೆಯೇ, ಕೆಲವು ಮನೋರೋಗದ ಮಾತ್ರೆಗಳೂ ಹೀಗೆಯೇ. ಆದರೆ ಮನೋರೋಗದ ಮಾತ್ರೆಯನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು. ಹೆಚ್ಚಾದ ಪ್ರೊಲ್ಯಾಕ್ಟಿನ್ ಅಂಡಾಶಯಕ್ಕೆ ಹೋಗಬೇಕಾದ ಸಂದೇಶವನ್ನೇ ತಗ್ಗಿಸುತ್ತದೆ. ಅಂಡ ಬಿಡುಗಡೆಯಾಗದು, ಮುಟ್ಟು ಮುಂದಕ್ಕೆ ಹೋಗುತ್ತದೆ. ಅಂಕಿ 200 ದಾಟಿದ್ದರೆ ಪಿಟ್ಯೂಟರಿಯಲ್ಲಿ ಗಡ್ಡೆಯ ಅನುಮಾನ ಬಲವಾಗಿ, ಎಂಆರ್‌ಐ ಮಾಡಿಸಬೇಕಾಗುತ್ತಿತ್ತು. 46ಕ್ಕೆ ಅಂಥ ಆತುರ ಬೇಕಿರಲಿಲ್ಲ.

ವೈದ್ಯೆ ಪ್ರೊಲ್ಯಾಕ್ಟಿನ್ ಇಳಿಸುವ ಮಾತ್ರೆ ಬರೆಯಲಿಲ್ಲ. 50 ಮೈಕ್ರೊಗ್ರಾಂ ಥೈರಾಕ್ಸಿನ್, ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ, ಕಾಫಿ ತಿಂಡಿ ಅರ್ಧದಿಂದ ಒಂದು ಗಂಟೆ ಆದಮೇಲೆ. ಕ್ಯಾಪ್ಸೂಲು ಬದಲಾಯಿಸಿ ಡೊಂಪೆರಿಡೋನ್ ಇಲ್ಲದ್ದನ್ನು ಕೊಟ್ಟರು. ಆರು ವಾರ ಬಿಟ್ಟು ಮತ್ತೆ ಪರೀಕ್ಷೆ. ಅದಕ್ಕೆ ಮೊದಲು ಟಿಎಸ್‌ಎಚ್ ಹೊಸ ಮಟ್ಟದಲ್ಲಿ ನೆಲೆ ನಿಂತಿರುವುದಿಲ್ಲ.

ಆರು ವಾರಕ್ಕೆ ಟಿಎಸ್‌ಎಚ್ 5.1, ಪ್ರೊಲ್ಯಾಕ್ಟಿನ್ 21. ಥೈರಾಕ್ಸಿನ್ 75ಕ್ಕೆ ಏರಿತು. ಇನ್ನಾರು ವಾರಕ್ಕೆ ಟಿಎಸ್‌ಎಚ್ 2.2. ಥೈರಾಯ್ಡ್ ಸೋತಿದ್ದು, ಬಸುರಾಗಲು ಬಯಸುವವರಲ್ಲಿ ಅದು 2.5ರ ಒಳಗಿರಲಿ ಎಂಬುದು ವೈದ್ಯರ ಗುರಿ. ಆ ವೇಳೆಗೆ ಅವಳ ಮುಟ್ಟು ಮೂವತ್ತೆರಡು ದಿನಕ್ಕೆ ಬಂದಿತ್ತು. ಎಎಂಎಚ್ ಮತ್ತೆ ನೋಡಿಸುವ ಅಗತ್ಯ ಬೀಳಲಿಲ್ಲ.

ಹಾಗಾದರೆ ಪಕ್ಕದ ಮನೆಯವರ ‘ಎರಡನೇ ದಿನ’ ಎಲ್ಲಿಂದ ಬಂತು? ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಡಯಾಲ್ ಎಂಬ ಪರೀಕ್ಷೆಗಳಿಗೆ ಆ ದಿನ ನಿಜಕ್ಕೂ ಬೇಕು. ಮುಟ್ಟಿನ ಎರಡರಿಂದ ನಾಲ್ಕನೇ ದಿನದೊಳಗೆ ತೆಗೆದರೆ ಮಾತ್ರ ಅವುಗಳ ಅಂಕಿಗೆ ಅರ್ಥವಿದೆ. ಅಲ್ಲಿ ಒಂದನೇ ದಿನವೆಂದರೆ ಕಲೆ ಕಂಡ ದಿನವಲ್ಲ, ಸರಿಯಾಗಿ ಸ್ರಾವ ಶುರುವಾದ ದಿನ. ಚೀಟಿಯಲ್ಲಿ ಅವೂ ಇದ್ದರೆ ಎಲ್ಲವನ್ನೂ ಒಂದೇ ಚುಚ್ಚಿಗೆ ಮುಗಿಸಲೆಂದು ಎರಡನೇ ದಿನ ಬನ್ನಿ ಎನ್ನುತ್ತಾರೆ. ಅದು ಅನುಕೂಲದ ಮಾತು, ಎಎಂಎಚ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್ ಮೂರರ ನಿಯಮವಲ್ಲ.

ಈ ತಪ್ಪು ತಿಳಿವಳಿಕೆಯಿಂದ ಹೆಚ್ಚು ನಷ್ಟವಾಗುವುದು ಮುಟ್ಟೇ ಬಾರದ ಹೆಂಗಸರಿಗೆ. ಪ್ರೊಲ್ಯಾಕ್ಟಿನ್ ಏರಿಯೋ ಥೈರಾಯ್ಡ್ ಸೋತೋ ಮುಟ್ಟು ನಿಂತಿರುತ್ತದೆ. ಅವರು ಮುಟ್ಟಿನ ಎರಡನೇ ದಿನಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ಕಾಯಬೇಡಿ. ಮುಟ್ಟು ತಪ್ಪಿದ್ದರೆ ಮೊದಲು ಬಸುರಿನ ಪರೀಕ್ಷೆ ಮಾಡಿಕೊಳ್ಳಿ, ಏಕೆಂದರೆ ಬಸುರಿನಲ್ಲಿ ಪ್ರೊಲ್ಯಾಕ್ಟಿನ್ ತಾನಾಗಿಯೇ ಏರುತ್ತದೆ. ಅದು ಇಲ್ಲವೆಂದಾದರೆ ಯಾವ ದಿನವಾದರೂ ಸರಿ, ಎದ್ದು ಎರಡು ಮೂರು ಗಂಟೆ ಕಳೆದ ಮೇಲೆ, ಬೆಳಗ್ಗೆ ಎಂಟರಿಂದ ಹತ್ತರೊಳಗೆ, ತಿಂಡಿಗೆ ಮುಂಚೆ ಲ್ಯಾಬಿಗೆ ಹೋಗಿ. ಅರ್ಧ ಗಂಟೆ ಕೂತು ರಕ್ತ ಕೊಡಿ. ನುಂಗುವ ಪ್ರತಿ ಮಾತ್ರೆಯ ಹಾಳೆಯನ್ನೂ ಜೊತೆಗೆ ಒಯ್ಯಿರಿ, ಗ್ಯಾಸ್ಟ್ರಿಕ್ಕಿನದನ್ನು ಮರೆಯದೆ.