ಮೈದುನ ತಂದ ಕಾಗದಕ್ಕೆ ವಕೀಲರ ಉತ್ತರ

ವಾಡಿ ಜಂಕ್ಷನ್ನಿನಲ್ಲಿ ಇಳಿದವರಿಗೆ ಮೊದಲು ಕಾಣುವುದು ಸಿಮೆಂಟ್ ಕಾರ್ಖಾನೆಯ ಚಿಮಣಿ. ಅಲ್ಲಿಂದ ಶಹಾಬಾದಿನ ಕಲ್ಲಿನ ಗಣಿಗಳವರೆಗೆ, ಇತ್ತ ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಯ ತೊಗರಿ ಹೊಲಗಳವರೆಗೆ ಸುಣ್ಣಕಲ್ಲಿನ ನೆಲ. ಇಲ್ಲಿನ ಸಾವಿರಾರು ಮನೆಗಳು ನಡೆಯುವುದು ಕಾರ್ಖಾನೆಯ ಸಂಬಳದಿಂದ. ಆ ಸಂಬಳ ತರುತ್ತಿದ್ದವನು ಒಂದು ದಿನ ಇಲ್ಲವಾದರೆ ಮನೆಯೊಳಗೆ ಮೂರು ಮಾತು ಏಳುತ್ತವೆ: ಪಿ.ಎಫ್. ಯಾರಿಗೆ, ಪಿಂಚಣಿ ಯಾರಿಗೆ, ಮನೆ ಯಾರಿಗೆ?

ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗಂಡ ಮೊದಲು ಗುತ್ತಿಗೆದಾರನ ಕೈಕೆಳಗೆ ದುಡಿದು, 2018ರ ಜೂನಿನಲ್ಲಿ ಪಿ.ಎಫ್. ಇರುವ ಕೆಲಸಕ್ಕೆ ಸೇರಿದವನು. 2025ರ ಜೂನಿನಲ್ಲಿ, ಸೇವೆಯಲ್ಲಿರುವಾಗಲೇ ತೀರಿಕೊಂಡ. ಹೆಂಡತಿಯ ತವರು ಚಿಂಚೋಳಿ. ಇಪ್ಪತ್ತು ವರ್ಷದ ಮಗ ಶಹಾಬಾದಿನಲ್ಲಿ ಓದುತ್ತಿದ್ದಾನೆ, ಹದಿನಾರರ ಮಗಳು ಶಾಲೆಯಲ್ಲಿದ್ದಾಳೆ. ಸೇಡಂ ಕಡೆಯ ಹಳ್ಳಿಯಲ್ಲಿರುವ ಅತ್ತೆಯ ಜೀವನವೂ ಇದೇ ಮಗನ ದುಡಿಮೆಯಿಂದ ನಡೆಯುತ್ತಿತ್ತು. ಕೆಲಸಕ್ಕೆ ಸೇರುವಾಗ ನಾಮನಿರ್ದೇಶನದ ಕಾಗದದಲ್ಲಿ ಗಂಡ ಬರೆಸಿದ್ದು ತಮ್ಮನ ಹೆಸರು. ಮನೆ ವಾಡಿಯಲ್ಲಿದೆ, ತನ್ನ ದುಡಿಮೆಯಿಂದಲೇ 2016ರಲ್ಲಿ ಕೊಂಡು ಚಿತ್ತಾಪುರದಲ್ಲಿ ನೋಂದಣಿ ಮಾಡಿಸಿದ್ದು.

ಹದಿಮೂರು ದಿನ ಕಳೆದ ಮೇಲೆ ಮೈದುನ ಎರಡು ಮಾತು ಹೇಳುತ್ತಾನೆ. ಪಿ.ಎಫ್. ತನ್ನ ಹೆಸರಿಗಿದೆ ಎನ್ನುವುದು ಒಂದು. ಮನೆಯ ಖಾತೆಯನ್ನು ಸದ್ಯಕ್ಕೆ ಅವ್ವನ ಹೆಸರಿಗೆ ಮಾಡೋಣ, ಚಿತ್ತಾಪುರಕ್ಕೆ ಬಂದು ಒಂದು ಸಹಿ ಹಾಕಿದರೆ ಸಾಕು ಎನ್ನುವುದು ಇನ್ನೊಂದು. ಆಕೆ ಸಹಿ ಹಾಕುವ ಮೊದಲು ಕಲಬುರಗಿಯ ವಕೀಲರೊಬ್ಬರಿಗೆ ಪತ್ರ ಬರೆಯುತ್ತಾಳೆ. ಕಾನೂನು ಬಲ್ಲ ವಕೀಲರ ಉತ್ತರ ಹೀಗಿರುತ್ತದೆ.

ಮೂರು ಸೊತ್ತು, ಮೂರು ಲೆಕ್ಕ

“ಅಕ್ಕನವರಿಗೆ ಶರಣಾರ್ಥಿಗಳು. ನಿಮ್ಮ ಪತ್ರ ಮತ್ತು ಜೊತೆಗಿಟ್ಟ ಕಾಗದಗಳನ್ನು ನೋಡಿದೆ. ಗಂಡ ಬಿಟ್ಟುಹೋದದ್ದೆಲ್ಲ ಒಂದೇ ಗಂಟು, ಅದನ್ನು ಒಂದೇ ರೀತಿ ಹಂಚಬೇಕು ಎಂದು ಮನೆಯವರೆಲ್ಲ ತಿಳಿದಿದ್ದಾರೆ. ಹಾಗಲ್ಲ. ಪಿಂಚಣಿಗೆ ಒಂದು ನಿಯಮ, ಭವಿಷ್ಯನಿಧಿಗೆ ಇನ್ನೊಂದು, ಮನೆಗೆ ಮತ್ತೊಂದು. ನಿಮ್ಮ ಮಗನನ್ನೇ ನೋಡಿ: ಅವನಿಗೆ ಭವಿಷ್ಯನಿಧಿಯಲ್ಲಿ ಪಾಲಿಲ್ಲ, ಪಿಂಚಣಿಯಲ್ಲಿ ಸ್ವಲ್ಪ ಇದೆ, ಮನೆಯಲ್ಲಿ ಕಾಲು ಭಾಗವಿದೆ. ಒಂದೊಂದಾಗಿ ಹೇಳುತ್ತೇನೆ.

“ಮೊದಲು ಪಿಂಚಣಿ. ಇದರಲ್ಲಿ ಮೈದುನರಿಗೂ ಅತ್ತೆಯವರಿಗೂ ಪಾಲಿಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಹೆಂಡತಿ ಇರುವಾಗ ವಿಧವಾ ಪಿಂಚಣಿ ಆಕೆಗೇ ಹೋಗುತ್ತದೆ. ನಾಮನಿರ್ದೇಶನದಲ್ಲಿ ಬೇರೆಯವರ ಹೆಸರಿದ್ದರೂ ಅದು ತಪ್ಪುವುದಿಲ್ಲ. ಹತ್ತು ವರ್ಷ ಸೇವೆಯಾಗಿಲ್ಲ, ಆದ್ದರಿಂದ ಪಿಂಚಣಿ ಇಲ್ಲ ಎಂದು ಯಾರೋ ಹೇಳಿದರೆಂದು ಬರೆದಿದ್ದೀರಿ. ಹತ್ತು ವರ್ಷದ ಷರತ್ತು ನಿವೃತ್ತನಾಗುವವನಿಗೆ. ಸೇವೆಯಲ್ಲಿರುವಾಗ ತೀರಿಕೊಂಡವನ ಹೆಂಡತಿಗೆ, ಗಂಡ ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು.

“ಮೊತ್ತದ ಲೆಕ್ಕ ಹೀಗಿದೆ. ಪಿಂಚಣಿಗೆ ಗಣನೆಯಾಗುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ನಿಮ್ಮವರ ಸಂಬಳ ಇನ್ನೂ ಹೆಚ್ಚಿದ್ದರೂ ಗಣನೆಗೆ ಬರುವುದು 15,000 ರೂಪಾಯಿ. ಅದನ್ನು 7 ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 1,500 ಬರುತ್ತದೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಯೋಜನೆಯಲ್ಲಿ ವಿಧವೆಯರಿಗೆಂದೇ ಸಂಬಳಕ್ಕೆ ತಕ್ಕಂತೆ ಮೊತ್ತ ತೋರಿಸುವ ಒಂದು ಕೋಷ್ಟಕವಿದೆ. ಲೆಕ್ಕದ ಮೊತ್ತ, ಕೋಷ್ಟಕದ ಮೊತ್ತ, ಕನಿಷ್ಠ 1,000 ರೂಪಾಯಿ, ಈ ಮೂರರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕು. ಸೇವೆ ಕಡಿಮೆಯಿರುವುದರಿಂದ ಕೋಷ್ಟಕದ ಮೊತ್ತ ಎಷ್ಟೆಂದು ಕಚೇರಿಯಲ್ಲಿ ಕೇಳಿಯೇ ಕೇಳಿ.

“ನಿಮ್ಮ ಪಿಂಚಣಿಯ ಮೇಲೆ, ಅದರ ಕಾಲು ಭಾಗದಷ್ಟು ಪ್ರತಿ ಮಗುವಿಗೂ ಬೇರೆಯಾಗಿ ಬರುತ್ತದೆ. ನಿಮ್ಮ ಪಿಂಚಣಿ 1,500 ಎಂದಾದರೆ ಮಗನಿಗೆ 375, ಮಗಳಿಗೆ 375. ಒಂದು ಕಾಲಕ್ಕೆ ಇಬ್ಬರು ಮಕ್ಕಳಿಗೆ, 25 ವರ್ಷ ತುಂಬುವ ತನಕ ಇದು ನಡೆಯುತ್ತದೆ. ನೀವು ಮರುಮದುವೆಯಾದರೆ ನಿಮ್ಮ ಪಿಂಚಣಿ ನಿಲ್ಲುತ್ತದೆ. ಆಗ ಮಕ್ಕಳಿಗೆ ಬರುವುದು ಕಾಲು ಭಾಗದ ಬದಲು ಮುಕ್ಕಾಲು ಭಾಗವಾಗುತ್ತದೆ.

ತಮ್ಮನ ಹೆಸರಿದ್ದರೂ

“ಇನ್ನು ಭವಿಷ್ಯನಿಧಿ. ಮೈದುನರು ತೋರಿಸಿದ ಕಾಗದ ಸುಳ್ಳಲ್ಲ, ಆದರೆ ಅದಕ್ಕೆ ಬಲವಿಲ್ಲ. ಭವಿಷ್ಯನಿಧಿಯ ನಿಯಮದಂತೆ, ಕುಟುಂಬ ಇರುವ ನೌಕರ ಕುಟುಂಬದವರ ಹೆಸರನ್ನೇ ಬರೆಯಬೇಕು. ಗಂಡಸಿನ ಮಟ್ಟಿಗೆ ಕುಟುಂಬವೆಂದರೆ ಹೆಂಡತಿ, ಮಕ್ಕಳು, ಅವನನ್ನೇ ನಂಬಿದ ತಂದೆತಾಯಿ, ತೀರಿಕೊಂಡ ಮಗನ ಹೆಂಡತಿ ಮತ್ತು ಮಕ್ಕಳು. ಅಣ್ಣತಮ್ಮಂದಿರು ಆ ಪಟ್ಟಿಯಲ್ಲಿಲ್ಲ. 2018ರಲ್ಲಿ ನಿಮ್ಮವರಿಗೆ ನೀವೂ ಮಕ್ಕಳೂ ಇದ್ದುದರಿಂದ ತಮ್ಮನ ಹೆಸರಿನ ನಾಮನಿರ್ದೇಶನ ಬರೆದ ದಿನವೇ ಅಸಿಂಧು. ಮದುವೆಗೆ ಮುಂಚೆ ಬರೆದಿದ್ದರೂ ಮದುವೆಯಾದೊಡನೆ ಅದು ಬಿದ್ದುಹೋಗುತ್ತಿತ್ತು.

“ಸರಿಯಾದ ನಾಮನಿರ್ದೇಶನ ಇಲ್ಲದಾಗ ಹಣ ಕುಟುಂಬದವರಿಗೆ ಸಮಪಾಲಾಗುತ್ತದೆ. ಆದರೆ ಪ್ರಾಯಕ್ಕೆ ಬಂದ ಗಂಡುಮಕ್ಕಳಿಗೂ ಗಂಡ ಬದುಕಿರುವ ಮದುವೆಯಾದ ಹೆಣ್ಣುಮಕ್ಕಳಿಗೂ ಪಾಲಿಲ್ಲ. ಹೀಗಾಗಿ ನಿಮ್ಮ ಮಗ ಇದರಿಂದ ಹೊರಗೆ. ಉಳಿದವರು ನೀವು, ಮಗಳು, ಮಗನನ್ನೇ ನಂಬಿದ್ದ ಅತ್ತೆಯವರು. ಖಾತೆಯಲ್ಲಿ 3 ಲಕ್ಷ ಇದ್ದರೆ ಒಬ್ಬೊಬ್ಬರಿಗೆ 1 ಲಕ್ಷ. ಅತ್ತೆಯವರ ಪಾಲು ನ್ಯಾಯವಾದದ್ದು, ಅದಕ್ಕೆ ಅಡ್ಡಿ ಮಾಡಬೇಡಿ. ಮಗಳ ಪಾಲು ಮಗಳ ಹೆಸರಿನಲ್ಲೇ ಇರಲಿ.

“ಕೇಳದೆ ಬಿಟ್ಟುಹೋಗುವ ಹಣ ಇನ್ನೊಂದಿದೆ. ಪಿ.ಎಫ್. ಇದ್ದವರಿಗೆಲ್ಲ ವಿಮೆಯೂ ಇರುತ್ತದೆ, ಅದಕ್ಕೆ ನೌಕರನ ಸಂಬಳದಿಂದ ಏನೂ ಕಡಿಯುವುದಿಲ್ಲವಾದ್ದರಿಂದ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಕೊನೆಯ 12 ತಿಂಗಳ ಸರಾಸರಿ ಸಂಬಳದ 35 ಪಟ್ಟು, ಅದರ ಮೇಲೆ ಪಿ.ಎಫ್. ಸರಾಸರಿ ಶಿಲ್ಕಿನ ಅರ್ಧ. ಎಲ್ಲ ಸೇರಿ ಗರಿಷ್ಠ 7 ಲಕ್ಷ. ಇಲ್ಲಿಯೂ ಸಂಬಳದ ಮಿತಿ 15,000. ಅಂದರೆ ನಿಮ್ಮ ಮಟ್ಟಿಗೆ ಸಂಬಳದ ಭಾಗವೇ 5,25,000 ಆಗುತ್ತದೆ, ಪಿ.ಎಫ್. ಹಣಕ್ಕಿಂತ ಇದೇ ದೊಡ್ಡದು. ಹಂಚಿಕೆ ಪಿ.ಎಫ್. ಹಾಗೆಯೇ.

“ಕೈಸಾಲ ಕೊಟ್ಟವರು ಪಿ.ಎಫ್. ಹಣ ತಮಗೆ ಬರಬೇಕೆಂದು ಬಾಗಿಲಿಗೆ ಬಂದರೆ ಹೆದರಬೇಡಿ. ಗಂಡನ ಸಾಲಕ್ಕೆಂದು ಆ ನಿಧಿಯನ್ನು ಜಪ್ತಿ ಮಾಡಿಸಲು ಬರುವುದಿಲ್ಲ. ಮನೆಯ ಮಾತು ಬೇರೆ. ಅವರ ಸಾಲಕ್ಕೆ ಅವರ ಆಸ್ತಿ ಹೊಣೆ.

ಖಾತೆ ಬೇರೆ, ಒಡೆತನ ಬೇರೆ

“ಈಗ ಮನೆ. ಇದು ಅವರ ಸ್ವಯಾರ್ಜಿತ, ಉಯಿಲು ಬರೆದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೊದಲ ದರ್ಜೆಯ ವಾರಸುದಾರರು ಹೆಂಡತಿ, ತಾಯಿ, ಮಗ, ಮಗಳು. ಇಲ್ಲಿ ಮಗನ ಪ್ರಾಯ ಲೆಕ್ಕಕ್ಕಿಲ್ಲ, ಮಗಳ ಮದುವೆಯೂ ಲೆಕ್ಕಕ್ಕಿಲ್ಲ. ನಾಲ್ವರಿಗೂ ನಾಲ್ಕರಲ್ಲಿ ಒಂದೊಂದು ಪಾಲು. ನಿಮ್ಮ ಪಾಲಿಗೆ ನೀವೇ ಪೂರ್ಣ ಒಡತಿ. ಮುಂದೆ ಮರುಮದುವೆಯಾದರೂ ಪಿಂಚಣಿಯ ಹಾಗೆ ಅದು ಕೈತಪ್ಪುವುದಿಲ್ಲ. ಮೈದುನರಿಗೆ ಇಂದು ಈ ಮನೆಯಲ್ಲಿ ಒಂದು ಇಟ್ಟಿಗೆಯೂ ಇಲ್ಲ.

“ಆದರೆ ‘ಇಂದು’ ಎಂದದ್ದನ್ನು ಗಮನಿಸಿ. ಅತ್ತೆಯವರು ಉಯಿಲು ಬರೆಯದೆ ತೀರಿಕೊಂಡರೆ ಅವರ ಕಾಲು ಭಾಗ ಅವರ ಮಕ್ಕಳಿಗೆ ಹೋಗುತ್ತದೆ. ಅವರಿಗೆ ಇದ್ದವರು ಇಬ್ಬರೇ ಗಂಡುಮಕ್ಕಳಾದ್ದರಿಂದ ಅದರ ಅರ್ಧ ಮೈದುನರಿಗೆ, ಇನ್ನರ್ಧ ತೀರಿಕೊಂಡ ಮಗನ ಮಕ್ಕಳಾದ ನಿಮ್ಮ ಮಗನಿಗೂ ಮಗಳಿಗೂ; ಸೊಸೆಯಾದ ನಿಮಗೆ ಅದರಲ್ಲಿ ಪಾಲಿಲ್ಲ. ಕಾಲು ಭಾಗದಲ್ಲಿ ಮೈದುನರಿಗೆ ಬರುವುದು ಮನೆಯ ಎಂಟನೆಯ ಒಂದು ಭಾಗ. ಇಡೀ ಮನೆಯನ್ನೇ ಅತ್ತೆಯವರಿಗೆ ಬಿಟ್ಟುಕೊಟ್ಟಿದ್ದರೆ ಅದೇ ದಾರಿಯಲ್ಲಿ ಅರ್ಧ ಮನೆ ಹೋಗುತ್ತದೆ. ಅವರು ಮೈದುನರ ಹೆಸರಿಗೆ ಉಯಿಲು ಬರೆದರೆ ಪೂರ್ತಿಯೇ ಹೋಗುತ್ತದೆ.

“ಆದ್ದರಿಂದ ಚಿತ್ತಾಪುರದ ಸಹಿ ಯಾವುದಕ್ಕೆ ಎಂದು ತಿಳಿದುಕೊಳ್ಳಿ. ಖಾತೆ ಬದಲಾವಣೆಯ ಅರ್ಜಿ ಕೊಡುವುದು ವಾಡಿಯ ಪುರಸಭೆಗೆ. ಅದು ತೆರಿಗೆ ಕಟ್ಟುವವರ ದಾಖಲೆ, ಅದರಿಂದ ಒಡೆತನ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಖಾತೆಗೆಂದು ಉಪನೋಂದಣಿ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಬೇಕಿಲ್ಲ. ಅಲ್ಲಿಗೆ ಕರೆಯುತ್ತಿದ್ದಾರೆಂದರೆ ಆ ಕಾಗದ ಬಹುಶಃ ಹಕ್ಕು ಬಿಡುಗಡೆ ಪತ್ರ. ಅದನ್ನು ಪೂರ್ತಿ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಒಮ್ಮೆ ನೋಂದಣಿಯಾದರೆ ‘ಖಾತೆಗೆಂದು ತಿಳಿದಿದ್ದೆ’ ಎಂದು ಸಿದ್ಧಪಡಿಸಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ಮಗಳು ಅಪ್ರಾಪ್ತಳಾದ್ದರಿಂದ ಅವಳ ಪಾಲನ್ನು ಜಿಲ್ಲಾ ನ್ಯಾಯಾಲಯದ ಅನುಮತಿಯಿಲ್ಲದೆ ತಾಯಿಯಾದ ನೀವೂ ಬಿಟ್ಟುಕೊಡುವಂತಿಲ್ಲ.

“ಪುರಸಭೆಗೆ ಮರಣ ಪತ್ರ, ವಂಶವೃಕ್ಷ, ಕ್ರಯಪತ್ರದ ನಕಲು ಕೊಟ್ಟು ನಾಲ್ವರ ಹೆಸರನ್ನೂ ಸೇರಿಸಿ ಖಾತೆ ಕೇಳಿ. ವಂಶವೃಕ್ಷದಲ್ಲಿ ಅತ್ತೆಯವರ ಹೆಸರು ಬಿಡಬೇಡಿ, ಬಿಟ್ಟರೆ ತಕರಾರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಪಿ.ಎಫ್., ಪಿಂಚಣಿ, ವಿಮೆ ಮೂರಕ್ಕೂ ಕಾರ್ಖಾನೆಯ ಮೂಲಕ ಕಲಬುರಗಿಯ ಭವಿಷ್ಯನಿಧಿ ಕಚೇರಿಗೆ ಕೇಳಿಕೆ ಸಲ್ಲಿಸಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಕಾಗದಗಳು ಸರಿಯಿದ್ದರೆ ಪಿ.ಎಫ್. ಹಣವನ್ನು 20 ದಿನದೊಳಗೆ ಇತ್ಯರ್ಥ ಮಾಡಬೇಕೆಂಬ ನಿಯಮವಿದೆ. ಗಂಡ, ಹೆಂಡತಿ, ಮಕ್ಕಳ ಹೆಸರು ಆಧಾರ್, ಬ್ಯಾಂಕ್, ಪಿ.ಎಫ್. ದಾಖಲೆಗಳಲ್ಲಿ ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಒಂದಕ್ಷರ ವ್ಯತ್ಯಾಸವಿದ್ದರೂ ಅರ್ಜಿ ತಿರುಗಿ ಬರಬಹುದು.”

ಬೇರೆ ಮನೆಗಳಲ್ಲಿ

ವಕೀಲರ ಪತ್ರ ಇಲ್ಲಿಗೆ ಮುಗಿಯುತ್ತದೆ. ಪಕ್ಕದ ಮನೆಯಾಕೆಗೆ ಇದೇ ಉತ್ತರ ಅಕ್ಷರಶಃ ಹೊಂದಲಾರದು. ಕಾರ್ಖಾನೆಯ ಕ್ವಾರ್ಟರ್ಸ್ ವಾರಸಾಗಿ ಬರುವ ಸೊತ್ತಲ್ಲ. ಹಿರಿಯರ ಕಾಲದಿಂದ ಬಂದ ಮನೆಯಾದರೆ ಪಾಲಿನ ಲೆಕ್ಕ ಬೇರೆ. ಮುಸ್ಲಿಂ ಕುಟುಂಬಗಳಲ್ಲಿ ಮನೆಯ ಹಂಚಿಕೆ ಅವರ ವೈಯಕ್ತಿಕ ಕಾನೂನಿನಂತೆ ನಡೆಯುತ್ತದೆ. ಸುನ್ನಿ ಪದ್ಧತಿಯಲ್ಲಿ ಮಕ್ಕಳಿದ್ದರೆ ವಿಧವೆಗೆ ಎಂಟನೆಯ ಒಂದು ಭಾಗ, ಮಕ್ಕಳಿಲ್ಲದಿದ್ದರೆ ಕಾಲು ಭಾಗ. ಪಿ.ಎಫ್. ಮತ್ತು ಪಿಂಚಣಿಯ ನಿಯಮ ಮಾತ್ರ ಎಲ್ಲ ಧರ್ಮದವರಿಗೂ ಒಂದೇ. 2025ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅದರ ನಂತರ ತೀರಿಕೊಂಡವರ ಮನೆಯವರು ಆ ದಿನದ ನಿಯಮ ಯಾವುದೆಂದು ಕೇಳಿಕೊಳ್ಳಬೇಕು.

ನಾಮನಿರ್ದೇಶಿತನೇ ಒಡೆಯ ಎಂಬ ನಂಬಿಕೆ ವಾಡಿಯದ್ದಷ್ಟೇ ಅಲ್ಲ. ಜೀವವಿಮೆಯ ಹಣ ಪಡೆಯುವ ನಾಮನಿರ್ದೇಶಿತ ಅದನ್ನು ವಾರಸುದಾರರಿಗಾಗಿ ಕೈಗೆ ತೆಗೆದುಕೊಳ್ಳುವವನು ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯ 1984ರಲ್ಲಿ, ಸರ್ಬತಿ ದೇವಿ ಪ್ರಕರಣದಲ್ಲಿ ಹೇಳಿತು. ಬ್ಯಾಂಕ್ ನೌಕರನೊಬ್ಬ ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ, ಮದುವೆಯ ಬಳಿಕ ಬದಲಿಸದೆ, ಮಕ್ಕಳಿಲ್ಲದೆ ತೀರಿಕೊಂಡಿದ್ದ. 2009ರಲ್ಲಿ ಶಿಪ್ರಾ ಸೇನ್‌ಗುಪ್ತಾ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯ ತಾಯಿಗೂ ವಿಧವೆಗೂ ಅರ್ಧರ್ಧ ಎಂದು ತೀರ್ಪಿತ್ತಿತು. ಆತ ತೀರಿಕೊಂಡದ್ದು 1990ರಲ್ಲಿ. ಬದಲಿಸದೆ ಉಳಿದ ಒಂದು ಹೆಸರಿಗಾಗಿ ಕೊನೆಯ ತೀರ್ಪು ಬರಲು ಸುಮಾರು ಹತ್ತೊಂಬತ್ತು ವರ್ಷ ಕಾಯಬೇಕಾಯಿತು.