ಹಣ ಯಾವ ದಿಕ್ಕಿಗೆ ಹರಿಯಿತು?

ಕಂಪನಿಯ ವಾರ್ಷಿಕ ವರದಿ ಕೈಗೆ ಸಿಕ್ಕರೆ ಹೆಚ್ಚಿನವರು ಲಾಭ, ಡಿವಿಡೆಂಡ್ ನೋಡಿ ಮುಚ್ಚಿಡುತ್ತಾರೆ. ಕಂಪನಿ ತನ್ನವರ ಜತೆ ಹೇಗೆ ವ್ಯವಹರಿಸಿತು ಎನ್ನುವುದು ಇರುವುದು ಕೊನೆಯ ಪುಟಗಳ ಲೆಕ್ಕಪತ್ರ ಟಿಪ್ಪಣಿಗಳಲ್ಲಿ. ಪಿಡಿಎಫ್‌ನಲ್ಲಿ Related Party ಎಂದು ಹುಡುಕಿದರೆ ಆ ಟಿಪ್ಪಣಿ ಸಿಗುತ್ತದೆ. ಪ್ರವರ್ತಕರು, ನಿರ್ದೇಶಕರು, ಅವರ ಹತ್ತಿರದ ಬಂಧುಗಳು, ಅವರ ಹಿಡಿತದಲ್ಲಿರುವ ಸಂಸ್ಥೆಗಳು ಮತ್ತು ಕಂಪನಿಯ ಅಂಗಸಂಸ್ಥೆಗಳು, ಇವರೆಲ್ಲ ರಿಲೇಟೆಡ್ ಪಾರ್ಟಿಗಳು.

ಇಂಥ ವಹಿವಾಟು ತಪ್ಪಲ್ಲ. ಗುಂಪಿನ ಒಂದು ಕಂಪನಿ ತಯಾರಿಸಿದ್ದನ್ನು ಇನ್ನೊಂದು ಕಂಪನಿ ಮಾರುವುದು ಮಾಮೂಲು. ಹಾಗಾಗಿ ಮೊತ್ತಕ್ಕಿಂತ ಮೊದಲು ಹಣ ಯಾರ ಕಡೆಗೆ ಹೋಯಿತು ಎಂದು ನೋಡಬೇಕು. ಅಂಗಸಂಸ್ಥೆಗೆ ಕೊಟ್ಟ ಸಾಲ ಕಂಪನಿಯ ಹಿಡಿತದಲ್ಲೇ ಉಳಿಯುತ್ತದೆ. ಪ್ರವರ್ತಕರ ಖಾಸಗಿ ಸಂಸ್ಥೆಗೋ ಅವರದೇ ಹೋಲ್ಡಿಂಗ್ ಕಂಪನಿಗೋ ಹೋದ ಸಾಲ ಸಾಮಾನ್ಯ ಷೇರುದಾರರ ಕೈ ದಾಟಿದ ಹಣ. ಅದು ಮರಳಿ ಬರುತ್ತದೆಯೇ ಎಂಬುದಕ್ಕೆ ಷರತ್ತುಗಳೇ ಆಧಾರ.

ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ 2013-14ರ ವರದಿ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಅದೇ ಗುಂಪಿನ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್‌ಗೆ ಹಲವು ವರ್ಷಗಳಿಂದ ಸಾಲ, ಠೇವಣಿ ಕೊಡುತ್ತಾ ಬಂದಿತ್ತು. 2013ರ ಜುಲೈ 3ರಂದು ಅವನ್ನೆಲ್ಲ ಒಟ್ಟುಗೂಡಿಸಿ 1,337.4 ಕೋಟಿ ರೂಪಾಯಿಯ ಒಂದೇ ಸಾಲವಾಗಿ ಬರೆದುಕೊಳ್ಳಲಾಯಿತು. ಎರಡೂ ಕಂಪನಿಗಳಿಗೆ ವಿಜಯ್ ಮಲ್ಯ ಅವರೇ ಅಧ್ಯಕ್ಷರು.

ಈಗ ಷರತ್ತು ನೋಡಿ. ಅವಧಿ 8 ವರ್ಷ. ಅಸಲು ಮೂರು ವಾರ್ಷಿಕ ಕಂತುಗಳಲ್ಲಿ, ಅದೂ 6ನೇ ವರ್ಷದ ಕೊನೆಯಿಂದ. ಅಡಮಾನ ಏನೂ ಇಲ್ಲ. ಬಡ್ಡಿ ಶೇ 9.5. ಆ ತಿಂಗಳು ಸ್ಟೇಟ್ ಬ್ಯಾಂಕಿನ ಬೇಸ್ ರೇಟ್, ಅಂದರೆ ಅದು ಸಾಮಾನ್ಯವಾಗಿ ಸಾಲ ಕೊಡಬಹುದಾಗಿದ್ದ ಕನಿಷ್ಠ ದರವೇ ಶೇ 9.7 ಇತ್ತು. ಸಾಲ ಪಡೆದ ಹೋಲ್ಡಿಂಗ್ ಕಂಪನಿಯಾದರೋ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಬ್ಯಾಂಕ್ ಸಾಲಗಳಿಗೆ ಖಾತರಿ ನಿಂತಿತ್ತು. ಆ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲೇ ಹಾರಾಟ ನಿಲ್ಲಿಸಿತ್ತು. ಹೊರಗಿನ ಯಾರಾದರೂ ಇಂಥವರಿಗೆ ಇಷ್ಟು ಹಣವನ್ನು ಇದೇ ಷರತ್ತಿನ ಮೇಲೆ ಕೊಡುತ್ತಿದ್ದರೇ? ಟಿಪ್ಪಣಿ ಓದುವಾಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆಯೇ ಇದು.

ಇದಕ್ಕೆ ಉತ್ತರವೂ ಅದೇ ವರದಿಯಲ್ಲಿತ್ತು. ವಸೂಲಾಗದೇ ಹೋಗಬಹುದು ಎಂದು ಅಸಲಿನಲ್ಲಿ ಸುಮಾರು 330 ಕೋಟಿ, ಅದುವರೆಗಿನ ಬಡ್ಡಿಗೆ ಸುಮಾರು 96 ಕೋಟಿ ರೂಪಾಯಿಯನ್ನು ಕಂಪನಿ ನಷ್ಟದ ಬಾಬ್ತಿಗೆ ತೆಗೆದಿಟ್ಟಿತು. ಶೇ 9.5ರಂತೆ 1,337 ಕೋಟಿಗೆ ವರ್ಷಕ್ಕೆ ಬಡ್ಡಿ 127 ಕೋಟಿ. ಜುಲೈನಿಂದ ಮಾರ್ಚ್‌ವರೆಗಿನ ಒಂಬತ್ತು ತಿಂಗಳಿಗೆ 95 ಕೋಟಿ ಚಿಲ್ಲರೆ. ಅಂದರೆ ಸಾಲ ಬರೆದುಕೊಂಡ ಮೊದಲ ವರ್ಷದ ಬಡ್ಡಿಯೇ ಕೈಗೆ ಬರುವುದೆಂಬ ನಂಬಿಕೆ ಕಂಪನಿಗೆ ಇರಲಿಲ್ಲ. ಸಂಬಂಧಿಕರ ಸಾಲದ ಪಕ್ಕದಲ್ಲಿ ಹೀಗೆ ‘ಪ್ರಾವಿಷನ್’ ಎಂಬ ಪದ ಕಂಡರೆ ನಿಂತು ಓದಬೇಕು.

2014ರ ನವೆಂಬರ್ 28ರಂದು ಇಂಥ 12 ಒಪ್ಪಂದಗಳು ಷೇರುದಾರರ ಮತಕ್ಕೆ ಬಂದವು. ಈ ಸಾಲವೂ ಸೇರಿ 9 ಒಪ್ಪಂದಗಳನ್ನು ಅವರು ತಿರಸ್ಕರಿಸಿದರು. 2017ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಹೋಲ್ಡಿಂಗ್ ಕಂಪನಿಯನ್ನೇ ಮುಚ್ಚಲು ಆದೇಶಿಸಿತು.

ಟಿಪ್ಪಣಿಗೂ ಒಂದು ಮಿತಿ ಇದೆ. ಅದರಲ್ಲಿ ಕಾಣುವ ಬಾಕಿ ಮಾರ್ಚ್ 31ರ ಒಂದು ದಿನದ ಚಿತ್ರ. ಫೋರ್ಟಿಸ್ ಹೆಲ್ತ್‌ಕೇರ್ ಪ್ರಕರಣದಲ್ಲಿ ಸೆಬಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶ ಇದನ್ನು ತೋರಿಸುತ್ತದೆ. ಅದರ ಪ್ರಕಾರ, ಅಂಗಸಂಸ್ಥೆಯಿಂದ ಮೂರು ಕಂಪನಿಗಳಿಗೆ ಕೊಟ್ಟ ಠೇವಣಿಗಳು ತ್ರೈಮಾಸಿಕ ಮುಗಿಯುವ ಹೊತ್ತಿಗೆ ವಾಪಸಾಗಿ, ಹೊಸದು ಶುರುವಾದೊಡನೆ ಮತ್ತೆ ಹೋಗುತ್ತಿದ್ದವು. ಬ್ಯಾಲೆನ್ಸ್ ಶೀಟ್‌ನಲ್ಲಿ ಬಾಕಿ ಕಾಣುತ್ತಿರಲಿಲ್ಲ. ಬಡ್ಡಿ ಸೇರಿ 403 ಕೋಟಿ ರೂಪಾಯಿ ವಸೂಲು ಮಾಡುವಂತೆ ಸೆಬಿ ಹೇಳಿತು.

ಆದ್ದರಿಂದ ಬಾಕಿಯ ಜತೆಗೆ ವರ್ಷದುದ್ದಕ್ಕೂ ಕೊಟ್ಟ, ಪಡೆದ ಮೊತ್ತದ ಸಾಲನ್ನೂ ಓದಬೇಕು. ಬಾಕಿ ಸೊನ್ನೆಯಿದ್ದೂ ವಹಿವಾಟು ನೂರಾರು ಕೋಟಿಯಾಗಿದ್ದರೆ, ಅಥವಾ ಸಾಲ ಇಲ್ಲವೆಂದಿದ್ದೂ ಬಡ್ಡಿ ಆದಾಯ ಬಂದಿದ್ದರೆ, ನಡುವೆ ಏನೋ ಓಡಾಡಿದೆ ಎಂದರ್ಥ. ಮೂರು ವರ್ಷಗಳ ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟುಕೊಂಡರೆ ಒಂದೇ ಹೆಸರಿನ ಮುಂದೆ ಸಾಲ ಬೆಳೆಯುತ್ತಿದೆಯೇ, ಅವಧಿ ಮುಂದಕ್ಕೆ ಹೋಗುತ್ತಿದೆಯೇ ಎಂಬುದು ಕಾಣುತ್ತದೆ. ದೊಡ್ಡ ವಹಿವಾಟಿಗೆ ಷೇರುದಾರರ ಒಪ್ಪಿಗೆ ಬೇಕಾದಾಗ ಸಂಬಂಧಿತರು ಅದರ ಪರ ಮತ ಹಾಕುವಂತಿಲ್ಲ. ಉಳಿದವರ ಮತವೇ ಅದನ್ನು ನಿರ್ಧರಿಸುತ್ತದೆ. ಹತ್ತು ಷೇರು ಇದ್ದವರೂ ಇ-ವೋಟಿಂಗ್ ಮೂಲಕ ಬೇಡ ಎನ್ನಬಹುದು.